ಮಧ್ಯಾಹ್ನ 3:12ಕ್ಕೆ ನನ್ನ ಷೇರು ಮಾರಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು

ಮಾನ್ಯರೇ,

ನಾನು ಬೆಳಗಾವಿಯ ಶಹಾಪುರದಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿರುವವನು, ನಿಮ್ಮ ಷೇರು ದಲ್ಲಾಳಿ ಸಂಸ್ಥೆಯ ನಾಲ್ಕು ವರ್ಷಗಳ ಗ್ರಾಹಕ. ಈ ವಿಷಯವಾಗಿ ಮೂರು ಸಲ ಕರೆ ಮಾಡಿ, ಮೂರು ದೂರು ಸಂಖ್ಯೆ ಪಡೆದು, ಮೂರೂ ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಮಂಗಳವಾರ ಬೆಳಿಗ್ಗೆ ಒಂದು ಕಂಪನಿಯ 200 ಷೇರುಗಳನ್ನು ತಲಾ 640 ರೂಪಾಯಿಯಂತೆ ಎಂಐಎಸ್‌ನಲ್ಲಿ, ಅಂದರೆ ಬೆಲೆಯ ಒಂದು ಪಾಲನ್ನಷ್ಟೇ ಮಾರ್ಜಿನ್ನಾಗಿ ಇಟ್ಟು, ಕೊಂಡೆ. ಒಟ್ಟು ಮೊತ್ತ 1,28,000 ರೂಪಾಯಿ. ಅದರ ಶೇಕಡಾ 20ರಂತೆ 25,600 ರೂಪಾಯಿಯನ್ನು ನನ್ನ ಖಾತೆಯ 30,000 ರೂಪಾಯಿಯಲ್ಲಿ ನೀವು ತಡೆಹಿಡಿದಿರಿ. ಅದೇ ದಿನ ಮಾರಿದರೆ ಸರಿ, ಇಲ್ಲವಾದರೆ ಪೂರ್ತಿ ಹಣ ತುಂಬಿ ಸಿಎನ್‌ಸಿಗೆ, ಅಂದರೆ ಷೇರು ಉಳಿಸಿಕೊಳ್ಳುವ ಖರೀದಿಗೆ, ಬದಲಿಸಿ ಷೇರುಗಳನ್ನು ಡಿಮ್ಯಾಟ್‌ಗೆ ತರಿಸಿಕೊಳ್ಳಬೇಕು. ಎರಡನ್ನೂ ಮಾಡದಿದ್ದರೆ ನೀವೇ ಮಾರುತ್ತೀರಿ. ಈ ನಿಯಮದ ಬಗ್ಗೆ ನನ್ನ ತಕರಾರಿಲ್ಲ.

ಬೆಲೆ ಇಳಿಯಿತು. ಮಾರಲು ಮನಸ್ಸಿಲ್ಲದೆ ಮಧ್ಯಾಹ್ನ 2:48ಕ್ಕೆ ಬ್ಯಾಂಕಿನಿಂದ ಒಂದು ಲಕ್ಷ ರೂಪಾಯಿ ಹಾಕಿದೆ. ಎರಡೇ ನಿಮಿಷದಲ್ಲಿ ಖಾತೆಯಲ್ಲಿ 1,30,000 ಕಂಡಿತು. 2:55ಕ್ಕೆ ಬದಲಾವಣೆಯ ಗುಂಡಿ ಒತ್ತಿದರೆ ‘ಹಣ ಸಾಲದು’ ಎಂಬ ಉತ್ತರ ಬಂತು. ಆಗ ಬೆಲೆ 628 ಆಗಿತ್ತು. ಕಾಗದದ ಮೇಲಿನ 2,400 ರೂಪಾಯಿ ನಷ್ಟವನ್ನು ನಿಮ್ಮ ವ್ಯವಸ್ಥೆ ನನ್ನ ಹಣದಿಂದ ಕಳೆದು, 1,27,600 ಮಾತ್ರ ಇದೆ, 400 ಕಡಿಮೆ ಎಂದು ಲೆಕ್ಕ ಹಾಕಿತ್ತು. ಷೇರನ್ನು ಮನೆಗೊಯ್ಯುವವನು ಕೊಂಡ ಬೆಲೆಯನ್ನೇ ಪೂರ್ತಿ ಕೊಡುತ್ತಾನಲ್ಲ? ಆ ಬೆಲೆಯೊಳಗೇ ನಷ್ಟ ಸೇರಿರುವಾಗ ಅದನ್ನು ಬೇರೆಯಾಗಿ ಕಳೆಯುವುದೆಂದರೆ ಒಂದೇ ನಷ್ಟವನ್ನು ಎರಡು ಸಲ ವಸೂಲಿ ಮಾಡಿದಂತೆ.

ಇದನ್ನು ಕೇಳಲು 2:58ಕ್ಕೆ ಕರೆ ಮಾಡಿದೆ. ಕೈಯಲ್ಲಿ ಸೀರೆ ಇದ್ದುದರಿಂದ ಫೋನು ಸ್ಪೀಕರ್‌ನಲ್ಲಿತ್ತು. ಎದುರಿಗೆ ಮಗಳ ಮದುವೆಗೆ ಸೀರೆ ಆರಿಸುತ್ತಿದ್ದ ತಾಯಿಯೊಬ್ಬರು ಕುಳಿತಿದ್ದರು. ನಿಮ್ಮ ಪ್ರತಿನಿಧಿ ನನ್ನ ಹುಟ್ಟಿದ ದಿನಾಂಕವನ್ನೂ ಪ್ಯಾನ್ ಸಂಖ್ಯೆಯನ್ನೂ ಅವರ ಮುಂದೆ ಹೇಳಿಸಿಕೊಂಡ ಮೇಲೆ, “ಸರ್, ನಾನೂರು ರೂಪಾಯಿ ಹಾಕೋಕೆ ಆಗಲ್ವಾ?” ಎಂದರು. ಪ್ರಶ್ನೆ ನಾನೂರರದಲ್ಲ, ಲೆಕ್ಕದ್ದು ಎಂದೆ. “ಮಾರ್ಜಿನ್ ಅಂದ್ರೇನು ಅಂತ ಗೊತ್ತಿಲ್ದೆ ಯಾಕ್ ಸರ್ ಟ್ರೇಡ್ ಮಾಡ್ತೀರಾ? ನಮ್ಮ ವಿಡಿಯೋ ನೋಡಿ” ಎಂದು ಹೇಳಿ, ಸಂಗೀತ ಹಚ್ಚಿ ಹೋದರು. ಆ ತಾಯಿ ಸೀರೆಯನ್ನು ಕೆಳಗಿಟ್ಟು, “ಅಣ್ಣಾರ, ನಾನೂರು ರೂಪಾಯಿ ಬೇಕೇನ್ರಿ? ನನ್ನ ಹತ್ರ ಅದಾವ” ಎಂದು ಪರ್ಸ್ ತೆಗೆದರು. ನಿಮ್ಮ ಸಂಸ್ಥೆಗಿಂತ ಉದಾರವಾದ ಸಾಲದಾತರು ಶಹಾಪುರದಲ್ಲಿದ್ದಾರೆ ಎಂಬುದು ನಿಮಗೆ ತಿಳಿದಿರಲಿ.

ನಾನು 1,000 ರೂಪಾಯಿ ಹಾಕಿದೆ. ಅಷ್ಟರಲ್ಲಿ ಬೆಲೆ 624ಕ್ಕೆ ಇಳಿದು ನಷ್ಟ 3,200 ಆಗಿತ್ತು. ಈಗ 200 ಕಡಿಮೆ! ಬೆಲೆ ಒಂದು ರೂಪಾಯಿ ಇಳಿದಾಗಲೆಲ್ಲ ನಾನು ತುಂಬಬೇಕಾದ ಹಣ 200 ರೂಪಾಯಿ ಏರುತ್ತಿತ್ತು. 3:08ಕ್ಕೆ ಇನ್ನೂ 2,000 ಕಳುಹಿಸಿದೆ. ಅದು ಖಾತೆಯಲ್ಲಿ ಕಾಣುವಷ್ಟರಲ್ಲಿ, 3:12ಕ್ಕೆ, ನೀವು 200 ಷೇರುಗಳನ್ನೂ 622ಕ್ಕೆ ಮಾರಿ, 3,600 ರೂಪಾಯಿ ನಷ್ಟದ ಜೊತೆಗೆ ನಿಮ್ಮ ‘ಸೇವೆ’ಗೆಂದು 50 ರೂಪಾಯಿ ಮತ್ತು ಜಿಎಸ್‌ಟಿ, ಒಟ್ಟು 59 ರೂಪಾಯಿ ಹಾಕಿಕೊಂಡಿರಿ.

ನಿಮ್ಮ ಜಾಲತಾಣದಲ್ಲಿ ಮಾರಾಟದ ಸಮಯ 3:20 ಎಂದಿದೆ. ಅದಕ್ಕೂ ಮೊದಲು ಮಾರುವುದು ನಷ್ಟವು ಮಾರ್ಜಿನ್ನಿನ ಶೇಕಡಾ 80 ಮುಟ್ಟಿದಾಗ ಮಾತ್ರ ಎಂದೂ ಅಲ್ಲೇ ಇದೆ. 25,600ರ ಶೇಕಡಾ 80 ಎಂದರೆ 20,480. ನನ್ನ ನಷ್ಟ ಅದರ ಐದನೇ ಒಂದು ಭಾಗವೂ ಇರಲಿಲ್ಲ. ಮಾರ್ಜಿನ್ನಿಗಿಂತ ಐದು ಪಟ್ಟು ಹಣ ನಿಮ್ಮ ಕೈಗೆ ಬಂದು ಸೇರಿದ್ದಾಗ ಅಪಾಯ ಯಾರಿಗಿತ್ತೆಂದು ನಿಮ್ಮ ಅಪಾಯ ನಿರ್ವಹಣಾ ವಿಭಾಗವೇ ಹೇಳಲಿ. “ಮಾರುಕಟ್ಟೆ ಏರಿಳಿತದಲ್ಲಿತ್ತು” ಎಂಬ ಅವರ ಮಿಂಚಂಚೆ ಬಂದಿದೆ. ಏರಿಳಿಯದ ಮಾರುಕಟ್ಟೆಯನ್ನು ನಾನು ಇನ್ನೂ ನೋಡಿಲ್ಲ.

ಮರುದಿನದ ಬೆಲೆಯ ಮಾತನ್ನು ನಾನು ಎತ್ತುವುದಿಲ್ಲ. ಅದು ನನ್ನ ಅದೃಷ್ಟ, ನಿಮ್ಮ ತಪ್ಪಲ್ಲ. 3,659 ರೂಪಾಯಿ ಜಮಾ ಆಗಬೇಕು, ಮತ್ತು 2:58ರ ಕರೆಯ ಧ್ವನಿಮುದ್ರಣದ ಪ್ರತಿ ಬೇಕು. ಏಳು ದಿನದೊಳಗೆ ಬರದಿದ್ದರೆ ಸೆಬಿಯ ದೂರು ಜಾಲತಾಣವಾದ ಸ್ಕೋರ್ಸ್‌ನಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿ ನೀವು 21 ದಿನದೊಳಗೆ ಉತ್ತರಿಸಬೇಕೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಲ್ಲಿಯೂ ತೃಪ್ತಿಯಾಗದಿದ್ದರೆ ಆನ್‌ಲೈನ್ ವ್ಯಾಜ್ಯ ಪರಿಹಾರಕ್ಕೆ ಹೋಗುತ್ತೇನೆ. ನನ್ನ ಡಿಮ್ಯಾಟ್ ಅಂತೂ ಬೇರೆಡೆ ಹೋಗುತ್ತದೆ. ನನ್ನ ಮಾತು ಕೇಳಿ ನಿಮ್ಮಲ್ಲಿ ಖಾತೆ ತೆರೆದ ನಮ್ಮ ಬೀದಿಯ ಹನ್ನೊಂದು ಅಂಗಡಿಕಾರರಿಗೆ ಈ ಪತ್ರದ ಪ್ರತಿ ಈಗಾಗಲೇ ತಲುಪಿದೆ.

ಇತಿ,
ಶಹಾಪುರದ ನಿಮ್ಮ ಸದ್ಯದ ಗ್ರಾಹಕ