ಹೈಪರಿಕಂ ಕ್ಯಾಪ್ಸೂಲ್: ಇನ್ನು ಮುಂದೆ ಕೇಳಿಯೇ ಕಳಿಸುತ್ತೇವೆ

ಆತ್ಮೀಯ ಗ್ರಾಹಕರೇ,

ಇನ್ನು ಮೇಲೆ ನೀವು ಬೇಸರ ಕಳೆಯಲೆಂದು ತೆಗೆದುಕೊಳ್ಳುವ ಗಿಡಮೂಲಿಕೆ ಹೈಪರಿಕಂ ಕ್ಯಾಪ್ಸೂಲ್ ಆರ್ಡರ್ ಮಾಡಿದರೆ, ಕಳಿಸುವ ಮೊದಲು ಫೋನ್ ಮಾಡಿ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುತ್ತೇವೆ. ಖಿನ್ನತೆಗೆ ಮಾತ್ರೆ ನಡೆಯುತ್ತಿದ್ದರೆ ಕಳಿಸುವುದಿಲ್ಲ.

ಕಾರಣ ಹೇಳಿಬಿಡುತ್ತೇವೆ. ನಮ್ಮ ಹಳೆಯ ಗ್ರಾಹಕರೊಬ್ಬರು 300 ಮಿಲಿಗ್ರಾಂ ಕ್ಯಾಪ್ಸೂಲನ್ನು ದಿನಕ್ಕೆ ಮೂರು ಸಲ ತೆಗೆದುಕೊಳ್ಳುತ್ತಿದ್ದರು. ಬೇಸರ ಹೋಗದ್ದಕ್ಕೆ ಡಾಕ್ಟರ್ ಹತ್ತಿರ ಹೋದರು. "ಬೇರೆ ಔಷಧಿ ಏನಾದ್ರೂ ಇದೆಯಾ?" ಅಂದಾಗ "ಇಲ್ಲ" ಅಂದರು. ಗಿಡಮೂಲಿಕೆ ಅಂದ್ರೆ ಔಷಧಿ ಅಲ್ಲ ಅಲ್ವಾ, ಹಾಗಂದುಕೊಂಡರು. ಡಾಕ್ಟರ್ ಖಿನ್ನತೆಯ ಮಾತ್ರೆ ಸರ್ಟ್ರಲಿನ್ 50 ಮಿಲಿಗ್ರಾಂ ಬರೆದರು. ಎರಡನೇ ದಿನಕ್ಕೆ ಕೈ ನಡುಗಲು ಶುರುವಾಯಿತು. ಭೇದಿ, ಮೈಯೆಲ್ಲ ಬೆವರು, ಕೂತಲ್ಲಿ ಕೂರಲಾಗದ ಚಡಪಡಿಕೆ. ಟೆನ್ಷನ್ ಜಾಸ್ತಿಯಾಗಿದೆ ಎಂದುಕೊಂಡು ಸಂಜೆ ಇನ್ನೊಂದು ಕ್ಯಾಪ್ಸೂಲ್ ನುಂಗಿದರು!

ರಾತ್ರಿ ಆಸ್ಪತ್ರೆಯಲ್ಲಿ ಡಾಕ್ಟರ್ ಅವರ ಪಾದವನ್ನು ಹಿಡಿದು ಮೇಲಕ್ಕೆ ಒಮ್ಮೆ ಚಕ್ಕನೆ ತಳ್ಳಿದರು. ಕೈ ಒತ್ತಿ ಹಿಡಿದಿದ್ದರೂ ಪಾದ ತಾನಾಗಿಯೇ ಪಟಪಟ ಬಡಿದುಕೊಳ್ಳುತ್ತಿತ್ತು. ಬರೀ ಆತಂಕದಲ್ಲಿ ಹೀಗಾಗುವುದಿಲ್ಲ. ಇದು ಸೆರೊಟೋನಿನ್ ಸಿಂಡ್ರೋಮ್, ಅಂದರೆ ನರಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕ ಅಳತೆ ಮೀರಿದ ಸ್ಥಿತಿ. ಎರಡನ್ನೂ ನಿಲ್ಲಿಸಿದ ಮೇಲೆ ಮಾರನೇ ದಿನಕ್ಕೆ ಸುಧಾರಿಸಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ.

ನರಗಳ ನಡುವೆ ಬಿಡುಗಡೆಯಾದ ಸೆರೊಟೋನಿನ್ ಮತ್ತೆ ಒಳಗೆ ಹೋಗದಂತೆ ಸರ್ಟ್ರಲಿನ್ ತಡೆಯುತ್ತದೆ. ನಮ್ಮ ಗಿಡದಲ್ಲಿರುವ ಹೈಪರ್‌ಫೋರಿನ್ ಎಂಬ ಅಂಶ ಕೂಡ ಬೇರೆ ದಾರಿಯಿಂದ ಅದೇ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಅಳತೆ ಮೀರಬಹುದು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ, ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಜ್ವರ ಏರಿದರೆ, ಕೈಕಾಲು ಬಿಗಿದರೆ, ಮಾತು ತಡಬಡವಾದರೆ ಕಾಯಬೇಡಿ, ಡಬ್ಬಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಕ್ಯಾಪ್ಸೂಲ್ ವಿಷಯ ಗೊತ್ತಿಲ್ಲದ ಡಾಕ್ಟರ್ ಈ ನಡುಕವನ್ನು ಕಾಯಿಲೆಯೇ ಹೆಚ್ಚಾಗಿದೆ ಎಂದುಕೊಂಡು ಮಾತ್ರೆಯ ಪ್ರಮಾಣ ಏರಿಸಿಬಿಡಬಹುದು. ನಮಗೆ ಜಾಸ್ತಿ ಭಯ ಇರುವುದು ಅದರದ್ದೇ.

"ಮಾತ್ರೆ ಬಿಟ್ಟು ವಾರ ಆಯ್ತು, ಈಗ ಕೊಡಿ" ಎಂದು ಕೆಲವರು ಕೇಳುತ್ತಾರೆ. ಫ್ಲೂಆಕ್ಸೆಟಿನ್‌ನಂಥದ್ದು ಬಿಟ್ಟ ಮೇಲೂ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಡಾಕ್ಟರ್ ಸರಿ ಎನ್ನುವ ತನಕ ಕೊಡುವುದಿಲ್ಲ. ನೋವಿನ ಮಾತ್ರೆ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್ ಕೂಡ ಇದೇ ಸಾಲಿನವು. ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ವಿಷಯ ಬೇರೆ, ಈ ಗಿಡ ಅವುಗಳ ಶಕ್ತಿಯನ್ನೇ ಕುಗ್ಗಿಸುತ್ತದೆ. ಅದನ್ನೂ ಫೋನಿನಲ್ಲಿ ಹೇಳಿ.

ಈಗಾಗಲೇ ನಮ್ಮ ಕ್ಯಾಪ್ಸೂಲ್, ಖಿನ್ನತೆಯ ಮಾತ್ರೆ ಎರಡನ್ನೂ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅವರು ಬರೆದ ಮಾತ್ರೆಯನ್ನು ಸುಮ್ನೆ ನೀವಾಗಿಯೇ ನಿಲ್ಲಿಸಬೇಡಿ. ಉಳಿದ ಡಬ್ಬಿಗಳನ್ನು ನಮಗೆ ವಾಪಸ್ ಕಳಿಸಿದರೆ, ತೆರೆದಿದ್ದರೂ ಪೂರ್ತಿ ಹಣ ಕೊಡುತ್ತೇವೆ. ಕಳಿಸುವ ಮೊದಲು ಲೇಬಲ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.

ಇಂತಿ,
ನಿಮ್ಮ ಗಿಡಮೂಲಿಕೆ ಸಹಕಾರ ಸಂಘದವರು