ಸ್ಟೇಟ್‌ಮೆಂಟ್ ಓದದೆ ದುಡ್ಡು ಸುರಿದವರು ಈಗ ಗೊತ್ತಿರಲಿಲ್ಲ ಎನ್ನಬಾರದು

ಮಾನ್ಯ ಸಂಪಾದಕರೇ,

ಎಚ್‌ಎಸ್‌ಆರ್ ಲೇಔಟಿನ ಆ ಸ್ಟಾರ್ಟಪ್ ಬಾಗಿಲು ಹಾಕಿದ ವರದಿಯನ್ನು ನಿನ್ನೆಯ ಸಂಚಿಕೆಯಲ್ಲಿ ಓದಿ ಮೈ ಉರಿಯಿತು. ಕೆಲಸಕ್ಕಿದ್ದ ಹುಡುಗರಿಗೆ ಸಂಬಳವಿಲ್ಲ. ಹೂಡಿಕೆದಾರರು ಮಾತ್ರ ‘ಇನ್ನೂ ಒಂದು ವರ್ಷಕ್ಕೆ ಸಾಕಾಗುವಷ್ಟು ಹಣವಿದೆ ಎಂದು ನಂಬಿಸಿದ್ದರು’ ಎಂದು ಅಲವತ್ತುಕೊಂಡಿದ್ದಾರೆ. ನಂಬಿಸಿದರಂತೆ! ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ಓದಿದ್ದರೆ ನಂಬುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಹೂಡಿಕೆಗೆ ಮುಂಚಿನ ತಪಾಸಣೆ, ಅಂದರೆ ಡ್ಯೂ ಡಿಲಿಜೆನ್ಸ್ ಹೆಸರಿನಲ್ಲಿ ನಮ್ಮಂಥ ಲೆಕ್ಕಪರಿಶೋಧಕರ ಮೇಜಿಗೆ ಏನು ಬರುತ್ತದೆ ಎಂಬುದನ್ನು ಓದುಗರೂ ತಿಳಿಯಲಿ. ಕಂಪನಿಗೆ ನಾಲ್ಕು ಖಾತೆಗಳಿದ್ದರೆ ಎರಡರ ಸ್ಟೇಟ್‌ಮೆಂಟ್ ಬರುತ್ತದೆ, ಅದೂ ಎಕ್ಸೆಲ್‌ನಲ್ಲಿ. ಅದರಲ್ಲಿ ಯಾರು ಯಾವ ಅಂಕಿಯನ್ನು ಬೇಕಾದರೂ ತಿದ್ದಬಹುದು. ಪಿಡಿಎಫ್ ಕೇಳಿದರೆ ಮೊಬೈಲಿನಲ್ಲಿ ತೆಗೆದ ಫೋಟೊ ಕಳಿಸುತ್ತಾರೆ. ಮುಚ್ಚಿದ ಖಾತೆಯ ಪ್ರಸ್ತಾಪವೇ ಇರುವುದಿಲ್ಲ. ಇದನ್ನು ಹಿಡಿಯುವುದು ಕಷ್ಟವೇನಲ್ಲ. ಸ್ವಂತ ಖಾತೆಗೆ ವರ್ಗಾವಣೆ ಎಂದಿರುವ ಪ್ರತಿ ಸಾಲಿಗೂ ಇನ್ನೊಂದು ಸ್ಟೇಟ್‌ಮೆಂಟಿನಲ್ಲಿ ಜೋಡಿ ಸಾಲು ಸಿಗಬೇಕು. ಸಿಗದಿದ್ದರೆ ಬಚ್ಚಿಟ್ಟ ಖಾತೆಯೊಂದಿದೆ ಎಂದೇ ಅರ್ಥ. ಸ್ಥಾಪಕರೇ ನೆಟ್ ಬ್ಯಾಂಕಿಂಗ್ ತೆರೆದು, ಪರಿಶೀಲಿಸುವವರ ಕಣ್ಣೆದುರೇ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಇಳಿಸಿಕೊಡಬೇಕು. ಆಮೇಲೆ ಪ್ರತಿ ಸಾಲಿನಲ್ಲೂ ಹಿಂದಿನ ಶಿಲ್ಕಿಗೆ ಜಮೆ ಕೂಡಿಸಿ, ಖರ್ಚು ಕಳೆದು, ಮುಂದಿನ ಶಿಲ್ಕು ತಾಳೆಯಾಗುತ್ತದೆಯೇ ನೋಡಬೇಕು. ತಿದ್ದಿದವರು ಹೆಚ್ಚಾಗಿ ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ಬಂಡವಾಳದ ಮಾತಿಗೆ ಬರೋಣ. ಸ್ಥಾಪಕರು ಮಾರ್ಚ್ ಕೊನೆಯಲ್ಲಿ 40 ಲಕ್ಷ ಹಾಕಿದ್ದಾರೆ ಎಂದು ಲೆಕ್ಕಪತ್ರ ಹೇಳುತ್ತದೆ ಎನ್ನಿ. ಸ್ಟೇಟ್‌ಮೆಂಟಿನಲ್ಲಿ 28-03-2025ರ ಆರ್‌ಟಿಜಿಎಸ್ ಜಮೆಯೂ ಇದೆ. ಬಹಳ ಮಂದಿ ಅಲ್ಲಿಗೇ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಆದರೆ ಆ ಸಾಲಿನಲ್ಲಿರುವ ಯುಟಿಆರ್, ಅಂದರೆ ಪ್ರತಿ ವರ್ಗಾವಣೆಗೂ ಬೀಳುವ ಗುರುತಿನ ಸಂಖ್ಯೆಯನ್ನು ಓದಬೇಡವೇ? ಆರ್‌ಟಿಜಿಎಸ್ ಯುಟಿಆರ್‌ನಲ್ಲಿ 22 ಅಕ್ಷರಗಳಿರುತ್ತವೆ. ಮೊದಲ ನಾಲ್ಕು ಹಣ ಕಳಿಸಿದ ಬ್ಯಾಂಕಿನ ಸಂಕೇತ, ನಂತರದ ಎರಡು ಮಾರ್ಗದ ಗುರುತು, ಮುಂದಿನ ಎಂಟು ದಿನಾಂಕ, ಉಳಿದದ್ದು ಕ್ರಮಸಂಖ್ಯೆ. ಅಲ್ಲಿ `ABCDR52025040300012345` ಎಂಬ ಮಾದರಿಯಲ್ಲಿದ್ದರೆ ಹಣ ಹೊರಟದ್ದು 2025ರ ಏಪ್ರಿಲ್ 3ರಂದು. ಮಾರ್ಚ್ 28ಕ್ಕೆ ಅದು ಜಮೆಯಾಗುವುದು ಸಾಧ್ಯವೇ ಇಲ್ಲ. ದಿನಾಂಕ ತಿದ್ದಿದವರಿಗೆ ಯುಟಿಆರ್ ತಿದ್ದಬೇಕೆಂದು ಹೊಳೆದಿರುವುದಿಲ್ಲ.

ಹಣ ನಿಜವಾಗಿಯೇ ಬಂದಿದ್ದರೂ ಕೆಲಸ ಮುಗಿಯಲಿಲ್ಲ. ಕಳಿಸಿದ ಖಾತೆ ಸ್ಥಾಪಕರದ್ದೇ ಆಗಿರಬೇಕು. ಮುಂದಿನ ಎರಡು ತಿಂಗಳ ಪುಟಗಳನ್ನೂ ನೋಡಬೇಕು. ಮಾರ್ಚಿನಲ್ಲಿ ಬಂದ 40 ಲಕ್ಷ ಏಪ್ರಿಲಿನಲ್ಲಿ ಮೂರು ಕಂತಾಗಿ ‘ಮಾರ್ಕೆಟಿಂಗ್ ಮುಂಗಡ’ ಎಂದು ಹೊರಗೆ ಹೋಗಿರುತ್ತದೆ. ಪಡೆದ ಸಂಸ್ಥೆಯ ವಿಳಾಸ ನೋಡಿದರೆ ಅದು ಸ್ಥಾಪಕರ ಮನೆಯದೇ. ವರ್ಷಾಂತ್ಯದ ಶಿಲ್ಕು ತೋರಿಸಲು ಬಂದ ಹಣ ಬಂದ ದಾರಿಯಲ್ಲೇ ವಾಪಸಾಗಿರುತ್ತದೆ. ಆಯ್ದ ಕೆಲವರಿಗಷ್ಟೇ ಷೇರು ಕೊಡುವ ಖಾಸಗಿ ಹಂಚಿಕೆಯಲ್ಲಿ ಷೇರಿಗೆಂದು ಬಂದ ಹಣಕ್ಕೆ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರತ್ಯೇಕ ಖಾತೆ ಬೇಕೆನ್ನುತ್ತದೆ. 60 ದಿನಗಳೊಳಗೆ ಷೇರು ಹಂಚಬೇಕು, ಷೇರು ಹಂಚಿದ ವಿವರ ಕೊಡುವ ಪಿಎಎಸ್-3 ನಮೂನೆ ಸಲ್ಲಿಸುವ ತನಕ ಆ ಹಣ ಮುಟ್ಟುವಂತಿಲ್ಲ. ಆ ನಮೂನೆಯೇ ಇಲ್ಲದಿದ್ದರೆ ಅದು ಬಂಡವಾಳ ಅಲ್ಲ, ಯಾವತ್ತಾದರೂ ವಾಪಸ್ ಕೇಳಬಹುದಾದ ಸಾಲ.

ಸ್ಥಾಪಕರು ತೆಗೆದುಕೊಂಡ ಹಣದ ಲೆಕ್ಕ ಇನ್ನೂ ಅಡ್ಡಾದಿಡ್ಡಿ. ಸಂಬಳ ತಿಂಗಳಿಗೆ ಒಂದೂವರೆ ಲಕ್ಷ ಎಂದಿರುತ್ತದೆ, ಅಂದರೆ ವರ್ಷಕ್ಕೆ 18 ಲಕ್ಷ. ಸ್ಟೇಟ್‌ಮೆಂಟಿನಲ್ಲಿ ಅವರ ಹೆಸರಿಗೆ ಹೋಗಿದ್ದು 31 ಲಕ್ಷ. ಅವರ ಸ್ವಂತ ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಕಂಪನಿ ಖಾತೆಯಿಂದ ಕಟ್ಟಿದ್ದು ಬೇರೆ 9 ಲಕ್ಷ. ಸಂಬಳ ಕಳೆದು ಉಳಿದ 22 ಲಕ್ಷದಲ್ಲಿ 8 ಲಕ್ಷಕ್ಕೆ ರಸೀದಿ ಇದ್ದರೆ, 14 ಲಕ್ಷಕ್ಕೆ ಉತ್ತರ ಎಲ್ಲಿದೆ? ಸ್ಥಾಪಕರು, ಅವರ ಮನೆಯವರು, ಅವರಿಗೆ ಪಾಲಿರುವ ಸಂಸ್ಥೆಗಳು ಎಲ್ಲರಿಗೂ ಹೋದ ಪಾವತಿಗಳನ್ನು ಒಟ್ಟಿಗೆ ಪಟ್ಟಿ ಮಾಡಿದರೆ ಅರ್ಧ ದಿನದ ಕೆಲಸ. ಅಷ್ಟೂ ಮಾಡದೆ ಕೋಟಿಗಟ್ಟಲೆ ಹಾಕುತ್ತಾರೆ.

ಇನ್ನು ಆ ರನ್‌ವೇ, ಅಂದರೆ ಕೈಯಲ್ಲಿರುವ ಹಣ ಎಷ್ಟು ತಿಂಗಳು ಬರುತ್ತದೆ ಎಂಬ ಲೆಕ್ಕ. ಕೈಯಲ್ಲಿ 2.4 ಕೋಟಿ, ತಿಂಗಳಿಗೆ 20 ಲಕ್ಷ ಕರಗುತ್ತದೆ, ಹಾಗಾಗಿ ಹನ್ನೆರಡು ತಿಂಗಳು ಎಂದು ಸ್ಲೈಡಿನಲ್ಲಿ ಬರೆಯುತ್ತಾರೆ. ಬಿಡಿಸಿ ನೋಡಿ. ಆ 2.4 ಕೋಟಿಯಲ್ಲಿ 60 ಲಕ್ಷ ಠೇವಣಿ, ಓವರ್‌ಡ್ರಾಫ್ಟಿಗೆ ಅಡವಾಗಿ ಬ್ಯಾಂಕಿನ ಹಿಡಿತದಲ್ಲಿದೆ. ಕಟ್ಟದೆ ಉಳಿಸಿಕೊಂಡ ಟಿಡಿಎಸ್, ಪಿಎಫ್, ಜಿಎಸ್‌ಟಿ ಸೇರಿ 18 ಲಕ್ಷ. ಖರ್ಚಿಗೆ ಸಿಗುವುದು 1.62 ಕೋಟಿ ಮಾತ್ರ. ಆರು ತಿಂಗಳಲ್ಲಿ ಹೊರಹೋಗಿದ್ದು 1.92 ಕೋಟಿ, ಗ್ರಾಹಕರಿಂದ ಬಂದದ್ದು 30 ಲಕ್ಷ. ಹಾಗಾದರೆ ತಿಂಗಳಿಗೆ ಕರಗಿದ್ದು 27 ಲಕ್ಷ. ಅದು 20 ಹೇಗಾಯಿತು? ಸ್ಥಾಪಕರ 30 ಲಕ್ಷ ಸಾಲವನ್ನೂ ಒಮ್ಮೆ ಬಂದ 12 ಲಕ್ಷ ಜಿಎಸ್‌ಟಿ ರೀಫಂಡನ್ನೂ ಆದಾಯದಂತೆ ಕಳೆದದ್ದರಿಂದ. ಆ 18 ಲಕ್ಷ ಬಾಕಿಯೂ ಇದೇ ಆರು ತಿಂಗಳದ್ದಾದರೆ ತಿಂಗಳಿಗೆ ಇನ್ನೂ 3 ಲಕ್ಷ ಸೇರಿಸಿ, 30 ಆಯಿತು. ಸರಿಯಾಗಿ ಭಾಗಿಸಿದರೆ ರನ್‌ವೇ ಐದು ತಿಂಗಳು ಚಿಲ್ಲರೆ ದಿನ. ಸಾಮಾನ್ಯವಾಗಿ ಪ್ರತಿ ತಿಂಗಳು 7ರೊಳಗೆ ಟಿಡಿಎಸ್, 15ರೊಳಗೆ ಪಿಎಫ್ ಕಟ್ಟಿದ ಸಾಲು ಸ್ಟೇಟ್‌ಮೆಂಟಿನಲ್ಲಿ ಕಾಣಬೇಕು. ಅದು ತಪ್ಪತೊಡಗಿದ ತಿಂಗಳೇ ಕಂಪನಿ ಕುಸಿಯಲು ಶುರುವಾದ ತಿಂಗಳು.

ಇಷ್ಟೆಲ್ಲ ಖಚಿತಪಡಿಸಿಕೊಳ್ಳಲು ಹೊರಟರೆ ಬ್ಯಾಂಕಿನವರ ಕಾಟ ಬೇರೆ. ಶಿಲ್ಕು ಮತ್ತು ಅಡವಿನ ಬಗ್ಗೆ ಒಂದು ದೃಢೀಕರಣ ಪತ್ರ ಕೊಡಿ ಎಂದರೆ ಶಾಖೆಯಲ್ಲಿ ಮ್ಯಾನೇಜರ್ ರಜೆ, ಸಹಿ ಮಾಡುವವರು ಟ್ರೈನಿಂಗ್, ಆಮೇಲೆ ‘ಆ ನಮೂನೆ ನಮ್ಮಲ್ಲಿಲ್ಲ’. ಕಂಪನಿಯ ಬೋರ್ಡ್ ನಿರ್ಣಯ ತಂದುಕೊಟ್ಟರೂ ಅದೇ ಪಾಡು. ಸರ್ಕಾರದ ಪೋರ್ಟಲ್ಲಿನಲ್ಲಿ 100 ರೂಪಾಯಿ ಕಟ್ಟಿ ಕಂಪನಿಯ ದಾಖಲೆ ತೆರೆದರೆ ನಡುವಿನಲ್ಲೇ ಲಾಗೌಟ್. ಠಾಣೆಗೆ ಹೋದರೆ ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎಂದು ಕೈತೊಳೆದುಕೊಳ್ಳುತ್ತಾರೆ. ವರ್ಷಗಳಿಂದ ಹೇಳುತ್ತಲೇ ಇದ್ದೇವೆ, ಕೇಳುವವರಿಲ್ಲ. ಪಿಎಫ್ ಬಾಕಿ ಉಳಿದದ್ದನ್ನು ನೋಡಬೇಕಿದ್ದ ಅಧಿಕಾರಿಗಳು ಅಷ್ಟು ತಿಂಗಳು ಏನು ಮಾಡುತ್ತಿದ್ದರು? ಹುಡುಗರ ಸಂಬಳದಿಂದ ಕಡಿತ ಮಾಡಿದ ಹಣವೂ ಅದರಲ್ಲಿದೆ.

ಅಡವಿನ ವಿವರ ಸಹಿತ ದೃಢೀಕರಣವನ್ನು ಬ್ಯಾಂಕುಗಳು ಇಂತಿಷ್ಟು ದಿನದಲ್ಲಿ ಕೊಡಲೇಬೇಕೆಂದು ಸಂಬಂಧಪಟ್ಟವರು ಆದೇಶ ಮಾಡಲಿ. ಹೂಡಿಕೆದಾರರೂ ಹದಿನೆಂಟು ತಿಂಗಳ ಸ್ಟೇಟ್‌ಮೆಂಟ್ ಓದಿಸದೆ ಚೆಕ್ ಬರೆಯುವುದನ್ನು ನಿಲ್ಲಿಸಲಿ. ಇಷ್ಟೂ ಮಾಡಲಾಗದವರು ಪತ್ರಿಕೆಯ ಮುಂದೆ ಬಂದು ಕಣ್ಣೀರು ಹಾಕಬೇಡಿ; ಸಂಬಳ ಸಿಗದ ಆ ಹುಡುಗರ ಮುಂದೆ ಹೋಗಿ ಉತ್ತರ ಕೊಡಿ.

– ಒಬ್ಬ ಲೆಕ್ಕಪರಿಶೋಧಕ, ಬಸವನಗುಡಿ, ಬೆಂಗಳೂರು