ಎಂಟನೇ ತರಗತಿ ಅಡ್ಮಿಷನ್ ಫಾರ್ಮ್ ತುಂಬುವವರಿಗೆ

ಎಲ್ಲರಿಗೂ ನಮಸ್ಕಾರ. ಏಳನೇ ಕ್ಲಾಸ್ ಮುಗಿಸಿ ಹೈಸ್ಕೂಲಿಗೆ ಸೇರುವ ಮಕ್ಕಳ ಮನೆಯವರು ಇದನ್ನು ಓದಿ.

ನಮ್ಮ ಅಕ್ಕನ ಮಗಳು ಮಂಡ್ಯದಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುತ್ತಾಳೆ. ಹೋದ ವರ್ಷ ಫಾರ್ಮ್ ತುಂಬುವಾಗ ಅವಸರದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದುಬಿಟ್ಟೆ. ಟಿಸಿಯಲ್ಲಿ ಭಾವನ ಹೆಸರಿತ್ತು. ಎರಡೂ ತಾಳೆಯಾಗದೆ ಫಾರ್ಮ್ ವಾಪಸ್ ಬಂತು. ಮಗು ಯಾರ ಮನೆಯಲ್ಲೇ ಇರಲಿ, ತಂದೆ ತಾಯಿ ಹೆಸರು ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಬರೆಯಿರಿ. ಪೋಷಕರು ಅನ್ನುವ ಕಡೆ ನಿಮ್ಮ ಹೆಸರು, ಪಕ್ಕದಲ್ಲಿ ಸಂಬಂಧ: ಸೋದರಮಾವ, ಅಜ್ಜಿ, ಹೀಗೆ. ಫೋನ್ ನಂಬರ್ ಮಾತ್ರ ದಿನಾ ಕೈಗೆ ಸಿಗುವವರದ್ದೇ ಕೊಡಿ.

ಮಗುವಿನ ಹೆಸರನ್ನು ಅಕ್ಷರ ಅಕ್ಷರ ನೋಡಿ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಟಿಸಿಯಲ್ಲಿ ಮುಂದೆ ಇರುವುದು ಜಾಸ್ತಿ. ಶಾಲೆಯ ದಾಖಲೆಯಲ್ಲಿರುವ ಹೆಸರೇ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಹೋಗುತ್ತೆ ಅಲ್ವಾ, ವ್ಯತ್ಯಾಸ ಕಂಡರೆ ಈಗಲೇ ಹೆಡ್‌ಮಾಸ್ಟರ್‌ಗೆ ತೋರಿಸಿ.

ಅಂಕಗಳ ಕಾಲಂನಲ್ಲಿ ಏಳನೇ ತರಗತಿಯ ಅಂಕಪಟ್ಟಿಯಲ್ಲಿ ಇರುವುದನ್ನೇ ಬರೆಯಿರಿ. ಅದರಲ್ಲಿ ಬರೀ ಗ್ರೇಡ್ ಇದ್ದರೆ ಗ್ರೇಡ್ ಸಾಕು. ನಾವೇ ಅಂದಾಜಿನಲ್ಲಿ ಶೇಕಡಾ ಹಾಕುವುದು ಬೇಡ.

ಹೊರಡುವಾಗ ಇಷ್ಟು ಇಟ್ಟುಕೊಳ್ಳಿ: ಮೂಲ ಟಿಸಿ, ಅಂಕಪಟ್ಟಿ, ಜನನ ಪ್ರಮಾಣಪತ್ರ, ಮಗುವಿನ ಮತ್ತು ಪೋಷಕರ ಆಧಾರ್ ಜೆರಾಕ್ಸ್, ಫೋಟೋ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಟಿಸಿ ಮೇಲೆ ಸ್ಯಾಟ್ಸ್ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಹಳೇ ಶಾಲೆಯಲ್ಲೇ ಕೇಳಿ ಬರೆಸಿ. ಟಿಸಿ ಕೊಡುವ ಮೊದಲು ಎರಡು ಜೆರಾಕ್ಸ್ ಮನೆಯಲ್ಲಿರಲಿ, ಮೂಲ ಪ್ರತಿ ಹೊಸ ಶಾಲೆಯಲ್ಲೇ ಉಳಿಯುತ್ತೆ.